41 ದಿನದ ಕಟ್ಟಡ, 37ಕ್ಕೆ ನಿಂತ ಲೆಕ್ಕ

ಮೊದಲ ವಾರ

ಕ್ರಿಟಿಕಲ್ ಪಾತ್ ಲೆಕ್ಕವನ್ನು ಕೈಯಾರೆ ಮಾಡಿ ಕಲಿಯಬೇಕು ಅಂತ ಒಂದು ಸಣ್ಣ ಕಟ್ಟಡದ ವೇಳಾಪಟ್ಟಿಯನ್ನು ಶೀಟಿಗೆ ಹಾಕಿದೆ. ಐದೇ ಕೆಲಸ. ಪಾಯಕ್ಕೆ 6 ದಿನ, ಗೋಡೆಗೆ 10, ತಾರಸಿಗೆ 18, ಫಿನಿಶಿಂಗ್‌ಗೆ 7. ಇವು ಒಂದಾದ ಮೇಲೆ ಒಂದು. ಪಾಯ ಮುಗಿದ ಕೂಡಲೇ ಬಾಗಿಲು ಕಿಟಕಿ ಮಾಡಿಸುವ ಕೆಲಸವೂ ಬೇರೆ ಕಡೆ ಶುರುವಾಗುತ್ತದೆ, ಅದಕ್ಕೆ 25 ದಿನ. ತಾರಸಿ ಮುಗಿದು, ಬಾಗಿಲು ಕಿಟಕಿಯೂ ಬಂದ ಮೇಲೆಯೇ ಫಿನಿಶಿಂಗ್.

ಶೀಟಿನಲ್ಲಿ B2 ಪಾಯ, B3 ಗೋಡೆ, B4 ತಾರಸಿ, B5 ಬಾಗಿಲು ಕಿಟಕಿ, B6 ಫಿನಿಶಿಂಗ್. ಒಟ್ಟು ದಿನ ಬರುವುದು ಒಂದೇ ಸಾಲಿನಿಂದ:

```
=B2+MAX(B3+B4,B5)+B6
```

ಗೋಡೆ, ತಾರಸಿ ಇರುವ ದಾರಿ 41 ದಿನ. ಬಾಗಿಲು ಕಿಟಕಿಯ ದಾರಿ 38. ಉದ್ದದ್ದೇ ಕ್ರಿಟಿಕಲ್, ಅಂದರೆ ಒಟ್ಟು ದಿನ ಎಷ್ಟು ಅಂತ ತೀರ್ಮಾನಿಸುವ ದಾರಿ. ಬಾಗಿಲು ಕಿಟಕಿಗೆ 3 ದಿನ ಫ್ಲೋಟ್ ಇದೆ, ಅಂದರೆ ಅಷ್ಟು ತಡವಾದರೂ ಕಟ್ಟಡ ತಡವಾಗುವುದಿಲ್ಲ.

ಎರಡನೇ ವಾರ

ಈಗ ಕ್ರ್ಯಾಶಿಂಗ್, ಅಂದರೆ ಹೆಚ್ಚು ಹಣ ಕೊಟ್ಟು ದಿನ ಕಡಿಮೆ ಮಾಡುವುದು. 1950ರ ದಶಕದ ಕೊನೆಯಲ್ಲಿ ಡ್ಯೂಪಾಂಟ್‌ನ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್‌ನ ಜೇಮ್ಸ್ ಕೆಲ್ಲಿ ಕ್ರಿಟಿಕಲ್ ಪಾತ್ ವಿಧಾನ ರೂಪಿಸಿದಾಗಲೇ ಸಮಯ ಮತ್ತು ಖರ್ಚಿನ ಈ ತೂಗಾಟ ಅದರೊಳಗೆ ಇತ್ತು.

ಹಣವನ್ನು ಸುಮ್ನೆ ಯೂನಿಟ್ ಅಂತ ಇಟ್ಟುಕೊಂಡೆ. ಒಂದು ದಿನ ಕಡಿಮೆ ಮಾಡಲು ಗೋಡೆಗೆ 4 ಯೂನಿಟ್ (3 ದಿನದವರೆಗೆ), ಬಾಗಿಲು ಕಿಟಕಿಗೆ 3 (ಇದೂ 3 ದಿನ). ಉಳಿದ ಮೂರರಲ್ಲಿ ತಲಾ ಒಂದೇ ದಿನ ಕಡಿಮೆ ಮಾಡಬಹುದು: ತಾರಸಿಗೆ 6, ಫಿನಿಶಿಂಗ್‌ಗೆ 7, ಪಾಯಕ್ಕೆ 12. ತಾರಸಿಯ 18 ದಿನದಲ್ಲಿ ಬಹುಪಾಲು ಕ್ಯೂರಿಂಗ್‌ಗೇ ಹೋಗುತ್ತದೆ. ಎಷ್ಟು ಜನ ಹಾಕಿದರೂ ಕಾಂಕ್ರೀಟ್ ಬೇಗ ಗಟ್ಟಿಯಾಗುವುದಿಲ್ಲ. ಕಡಿಮೆಯಾಗುವುದು ಸೆಂಟ್ರಿಂಗ್ ಕಟ್ಟುವ ಕೆಲಸದಲ್ಲಿ ಮಾತ್ರ.

ಇನ್ನೊಂದು ಕಡೆ, ಕಟ್ಟಡ ಮುಗಿಯುವವರೆಗೆ ಮೇಲ್ವಿಚಾರಣೆ, ಬಾಡಿಗೆ ಸಾಮಾನು, ಕಾವಲು ಎಲ್ಲಾ ಸೇರಿ ದಿನಕ್ಕೆ 8 ಯೂನಿಟ್ ಹೋಗುತ್ತಲೇ ಇರುತ್ತದೆ. ಒಂದು ದಿನ ಉಳಿಸಲು 8ಕ್ಕಿಂತ ಕಡಿಮೆ ಸಾಕು ಅಂದರೆ ಲಾಭ.

ಮೊದಲು ಅಗ್ಗದ್ದು ನೋಡಿ ಬಾಗಿಲು ಕಿಟಕಿಯಲ್ಲಿ 3 ದಿನ ತೆಗೆದೆ. 9 ಯೂನಿಟ್ ಹೋಯಿತು. ಒಟ್ಟು ದಿನ ಮಾತ್ರ 41ರಲ್ಲೇ ಇತ್ತು! MAX ಒಳಗೆ ಚಿಕ್ಕ ಸಂಖ್ಯೆ ಇನ್ನಷ್ಟು ಚಿಕ್ಕದಾದರೆ ಉತ್ತರ ಬದಲಾಗುವುದಿಲ್ಲ, ಅಲ್ವಾ? ಅಳಿಸಿ ಮತ್ತೆ ಶುರು ಮಾಡಿದೆ.

ಮೂರನೇ ವಾರ

ಗೋಡೆಯಲ್ಲಿ 3 ದಿನ ತೆಗೆದೆ. 12 ಯೂನಿಟ್ ಕೊಟ್ಟು 24 ಉಳಿಯಿತು. ಈಗ 38 ದಿನ. ಆದರೆ ಈಗ ಎರಡೂ ದಾರಿ 38. ಅಂದರೆ ಎರಡೂ ಕ್ರಿಟಿಕಲ್, ಫ್ಲೋಟ್ ಎಲ್ಲೂ ಇಲ್ಲ.

ಇಲ್ಲೇ ನಾನು ಎರಡನೇ ಸಲ ಜಾರಿದೆ. ತಾರಸಿಗೆ 6, ಅದು 8ಕ್ಕಿಂತ ಕಡಿಮೆ ಅಂತ ಒಂದು ದಿನ ತೆಗೆದೆ. ಶೀಟ್ ಮತ್ತೆ 38 ಅಂತಲೇ ತೋರಿಸಿತು. ತಾರಸಿ ಬೇಗ ಮುಗಿದರೂ ಬಾಗಿಲು ಬಂದಿರುವುದಿಲ್ಲ. ದಿನ ಕಡಿಮೆಯಾಗಬೇಕಾದರೆ ಎರಡು ದಾರಿಯಲ್ಲೂ ತೆಗೆಯಬೇಕು: 6 ಮತ್ತು 3 ಸೇರಿ 9. ಉಳಿಯುವುದು 8, ಅಂದರೆ ನಷ್ಟ. ಫಿನಿಶಿಂಗ್ ಎರಡೂ ದಾರಿಗೆ ಸೇರಿದ್ದು. ಅದರ 7 ಯೂನಿಟ್ ಒಂದೇ ಏಟಿಗೆ ಎರಡನ್ನೂ ಕಡಿಮೆ ಮಾಡುತ್ತದೆ. ತಾರಸಿಯ 6ಕ್ಕಿಂತ ಈ 7 ನಿಜವಾಗಿ ಅಗ್ಗ.

ಮಾಮೂಲಿ ಕೆಲಸದ ಖರ್ಚು 600 ಅಂತ ಹಿಡಿದರೆ, 41 ದಿನಕ್ಕೆ ಒಟ್ಟು 928. 38ಕ್ಕೆ 916, 37ಕ್ಕೆ 915. 36ಕ್ಕೆ ಮತ್ತೆ 916, ಪಾಯವನ್ನೂ ಸೇರಿಸಿ 35ಕ್ಕೆ ಇಳಿಸಿದರೆ 920. ಎಲ್ಲಾ ಕೆಲಸವನ್ನೂ ಒತ್ತಿ ಮುಗಿಸಿ ಅಂದಿದ್ದರೆ ಅದೇ 35 ದಿನಕ್ಕೆ 926 ಆಗುತ್ತಿತ್ತು. ಬಾಗಿಲು ಕಿಟಕಿಯಲ್ಲಿ ಎರಡು ದಿನ ಬೇಡದೆ ತೆಗೆದದ್ದಕ್ಕೆ ಆ 6 ಯೂನಿಟ್ ದಂಡ.

ಹಾಗಾಗಿ ನನ್ನ ತೀರ್ಮಾನ 37. ಮಾಲೀಕರು 37ಕ್ಕಿಂತ ಬೇಗ ಮುಗಿದ ಪ್ರತಿ ದಿನಕ್ಕೆ 3 ಯೂನಿಟ್ ಬೋನಸ್ ಕೊಡುವುದಾದರೆ ಒಂದು ದಿನದ ಬೆಲೆ 11 ಆಗುತ್ತದೆ. ಆಗ 9 ಕೊಟ್ಟು 36ಕ್ಕೆ ಹೋಗುವುದು ಸರಿ. ಪಾಯದ 12 ಆಗಲೂ ಬೇಡ.

ಗೋಡೆಯ 4 ಯೂನಿಟ್ ಬಗ್ಗೆ ನನಗೆ ಇನ್ನೂ ಸಮಾಧಾನ ಇಲ್ಲ. ಅದು 12ನ್ನು 3ರಿಂದ ಭಾಗಿಸಿ ಬಂದ ಸರಾಸರಿ. ನಿಜದಲ್ಲಿ ಇನ್ನೊಂದು ಗಾರೆ ತಂಡ ಕರೆಸಿದರೆ 12 ಒಟ್ಟಿಗೇ ಹೋಗುತ್ತದೆ. ಒಂದೇ ದಿನ ತೆಗೆಯುವುದಾದರೆ 8 ಉಳಿಸಲು 12 ಕೊಟ್ಟ ಹಾಗಾಗುತ್ತದೆ. ಮುಂದಿನ ವಾರ ಗೋಡೆಯ ಸಾಲನ್ನು "ಮೂರು ದಿನ ಅಥವಾ ಸೊನ್ನೆ" ಅಂತ ಬದಲಾಯಿಸಿ ನೋಡುತ್ತೇನೆ.