ಬೆಟ್ಟಕ್ಕೆ ಡ್ರೋನ್ ಒಯ್ಯುತ್ತೀರಾ? ಎತ್ತರದ ಲೆಕ್ಕ ಮೊದಲೇ ಹಾಕಿ

ಕಣಿವೆಯ ಅಂಚಿನಲ್ಲಿ ನಿಂತು ಡ್ರೋನ್ ಹಾರಿಸಬೇಕು ಅಂತಲೇ ಈ ಸಲ ಬೆಟ್ಟ ಹತ್ತಿದೆವು. ಇಂಥ ಜಾಗದಲ್ಲಿ ಜಾಸ್ತಿ ಗೊಂದಲ ಆಗುವುದು ಎತ್ತರದ ನಿಯಮದಲ್ಲಿ. ಬಹಳಷ್ಟು ದೇಶಗಳಲ್ಲಿ ಹವ್ಯಾಸಿಗಳಿಗೆ ಮಿತಿ ಸುಮಾರು 120 ಮೀಟರ್, ಅಂದರೆ 400 ಅಡಿ. ಅದನ್ನು ಸಾಮಾನ್ಯವಾಗಿ ಡ್ರೋನಿನ ಕೆಳಗಿರುವ ನೆಲದಿಂದ ಅಳೆಯುತ್ತಾರೆ. ಸ್ಕ್ರೀನಿನಲ್ಲಿ H ಅಂತ ಕಾಣುವ ಎತ್ತರ ಮಾತ್ರ ನೀವು ಹಾರಿಸಿದ ಜಾಗದಿಂದ ಲೆಕ್ಕ.

ನಾವು ನಿಂತ ಬಂಡೆಗಿಂತ ಕಣಿವೆ ಸುಮಾರು 90 ಮೀಟರ್ ಕೆಳಗಿತ್ತು. ಡ್ರೋನ್ 50 ಮೀಟರ್ ಏರಿಸಿ ಸುಮ್ನೆ ಮುಂದಕ್ಕೆ ಬಿಟ್ಟರೂ ಸ್ಕ್ರೀನ್ 50 ಅಂತಲೇ ತೋರಿಸುತ್ತದೆ. ನೆಲದಿಂದ ನೋಡಿದರೆ ಅದು 140 ಮೀಟರ್, ಮಿತಿ ದಾಟಿಯಾಯಿತು! ಹಾಗಾಗಿ ಕಣಿವೆಯ ಮೇಲೆ ನಾವು H ಅನ್ನು 30ರ ಒಳಗೇ ಇಟ್ಟುಕೊಂಡೆವು. ಹೊರಡುವ ಮೊದಲೇ ಕಾಂಟೂರ್ ಮ್ಯಾಪ್ ನೋಡಿ ಈ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಬೆಟ್ಟದ ಬುಡದಿಂದ ಹಾರಿಸುವವರಿಗೆ ಲೆಕ್ಕ ಉಲ್ಟಾ. ಅಲ್ಲಿ ಇಳಿಜಾರೇ ಡ್ರೋನಿನ ಹತ್ತಿರಕ್ಕೆ ಏರಿ ಬರುತ್ತದೆ. ಆದ್ದರಿಂದ ಡ್ರೋನ್ ತಾನಾಗಿಯೇ ಹೊರಟ ಜಾಗಕ್ಕೆ ಮರಳುವಾಗಿನ ರಿಟರ್ನ್ ಟು ಹೋಮ್ ಎತ್ತರವನ್ನು ದಾರಿಯಲ್ಲಿರುವ ಮರ, ಬಂಡೆಗಳಿಗಿಂತ ಮೇಲಿಡಬೇಕು.

ಡ್ರೋನ್ ಸದಾ ಕಣ್ಣಿಗೆ ಕಾಣುತ್ತಿರಬೇಕು ಅನ್ನುವ ನಿಯಮವೂ ಬೆಟ್ಟದಲ್ಲಿ ಬೇಗ ಮುರಿಯುತ್ತದೆ. ಡಬ್ಬದ ಮೇಲೆ ಎಷ್ಟೇ ಕಿಲೋಮೀಟರ್ ರೇಂಜ್ ಬರೆದಿರಲಿ, ಅದು ಸಿಗ್ನಲ್ಲಿನ ಮಾತು. ಸಣ್ಣ ಡ್ರೋನ್ 300 ಮೀಟರ್ ದೂರ ಹೋದರೆ ಚುಕ್ಕಿಯಂತೆ ಕಾಣುತ್ತದೆ, ಮೂತಿ ಯಾವ ಕಡೆ ಅಂತ ಗೊತ್ತಾಗುವುದಿಲ್ಲ. ಹಿಂದೆ ಕಡುಹಸಿರು ಕಾಡಿದ್ದರೆ ಇನ್ನೂ ಬೇಗ ಕಣ್ಮರೆ. ನಾನು ಆಗಾಗ ಸ್ಕ್ರೀನ್ ಬಿಟ್ಟು ತಲೆ ಎತ್ತುತ್ತೇನೆ. ಮೂತಿ ಎಲ್ಲಿದೆ ಅಂತ ಕಣ್ಣಿಂದಲೇ ಹೇಳಲಾಗದಿದ್ದರೆ ಹತ್ತಿರ ತರುತ್ತೇನೆ. ಗುಡ್ಡದ ಮರೆಗೆ ಕಳಿಸುವುದಂತೂ ಬೇಡವೇ ಬೇಡ. ಅಲ್ಲಿ ನೋಟದ ಜೊತೆ ಸಿಗ್ನಲ್ಲೂ ಹೋಗುತ್ತದೆ.

ತೂಕದ ವಿಷಯಕ್ಕೆ ಬಂದರೆ, 250 ಗ್ರಾಂ ಗೆರೆ ಹಲವು ದೇಶಗಳಲ್ಲಿದೆ. ಆದರೆ ಅದರ ಕೆಳಗೆ ಸಿಗುವ ರಿಯಾಯಿತಿ ಒಂದೇ ಥರ ಇಲ್ಲ. ಅಮೆರಿಕದಲ್ಲಿ ಹವ್ಯಾಸಕ್ಕೆ ಹಾರಿಸುವ ಅಂಥ ಡ್ರೋನಿಗೆ ನೋಂದಣಿ ಬೇಡ. ಯುರೋಪಿಯನ್ ಒಕ್ಕೂಟದಲ್ಲಿ ಕ್ಯಾಮೆರಾ ಇದ್ದರೆ, ಅದು ಆಟಿಕೆ ಅಲ್ಲದಿದ್ದರೆ, ಹಾರಿಸುವವರು ನೋಂದಾಯಿಸಿಕೊಳ್ಳಬೇಕು. ಲೆಕ್ಕಕ್ಕೆ ಬರುವುದು ಹಾರುವಾಗಿನ ಒಟ್ಟು ತೂಕ. 249 ಗ್ರಾಂ ಡ್ರೋನಿಗೆ ಪ್ರೊಪೆಲ್ಲರ್ ಗಾರ್ಡ್ ಹಾಕಿದರೂ ಗೆರೆ ದಾಟಿತು ಅಲ್ವಾ? ಅಡುಗೆಮನೆಯ ತಕ್ಕಡಿಯಲ್ಲಿ ಎಲ್ಲವನ್ನೂ ಜೋಡಿಸಿಯೇ ತೂಗಿ.

ನಿಷೇಧಿತ ವಲಯವನ್ನು ಆ ದೇಶದ ವಿಮಾನಯಾನ ಪ್ರಾಧಿಕಾರದ ನಕ್ಷೆಯಲ್ಲೇ ನೋಡಿ. ಡ್ರೋನ್ ಆ್ಯಪ್ ಹಾರಲು ಬಿಟ್ಟಿತು ಅಂದರೆ ಅನುಮತಿ ಇದೆ ಅಂತ ಅಲ್ಲ. ಕಾಡ್ಗಿಚ್ಚು ಆರಿಸುವ ಹೆಲಿಕಾಪ್ಟರ್ ಬಂದರೆ ತಾತ್ಕಾಲಿಕ ನಿಷೇಧ ಬೀಳಬಹುದು. ಅದಕ್ಕೇ ಹಿಂದಿನ ರಾತ್ರಿ ನೋಡಿದ್ದರೂ ಬೆಳಿಗ್ಗೆ ಮತ್ತೊಮ್ಮೆ ನೋಡಬೇಕು. ಬೆಟ್ಟದ ಮೇಲೆ ನೆಟ್‌ವರ್ಕ್ ಸಿಗದೇ ಹೋಗಬಹುದು, ಆದ್ದರಿಂದ ಹತ್ತುವ ಮೊದಲೇ ಈ ಕೆಲಸ ಮುಗಿಸಿ. ರಕ್ಷಿತ ಅರಣ್ಯವಾದರೆ ಆಕಾಶ ಮುಕ್ತವಿದ್ದರೂ ಒಳಗೆ ನಿಂತು ಹಾರಿಸಲು ಅಲ್ಲಿನ ಆಡಳಿತದ ಒಪ್ಪಿಗೆ ಬೇರೆಯೇ ಬೇಕಾಗಬಹುದು, ಗೇಟಿನಲ್ಲೇ ಕೇಳಿಕೊಳ್ಳಿ.