ನಮ್ಮ ಅಪಾರ್ಟ್‌ಮೆಂಟಿಗೆ ಹೆಸರು: ಮೂರನೇ ವಾರ

ಬೆಳಗಾವಿಯ ಟಿಳಕವಾಡಿಯಲ್ಲಿ, ಮೂರನೇ ರೈಲ್ವೆ ಗೇಟ್ ದಾಟಿದ ಮೇಲೆ ನಮ್ಮ ಹೊಸ ಕಟ್ಟಡ. 24 ಮನೆ. ಬಿಲ್ಡರ್ ಇಟ್ಟ ಹೆಸರಲ್ಲಿ ನಾಲ್ಕು ಇಂಗ್ಲಿಷ್ ಪದ ಇದ್ದವು. ಅದನ್ನು ಪೂರ್ತಿ ಹೇಳಿದವರನ್ನು ನಾನಂತೂ ನೋಡಲಿಲ್ಲ. ಕಟ್ಟಡವನ್ನು ಅಪಾರ್ಟ್‌ಮೆಂಟ್ ಅಂತ ಕಾನೂನಿನಡಿ ಘೋಷಿಸುವ ಪತ್ರ, ಅಂದರೆ ಡಿಕ್ಲರೇಷನ್ ಡೀಡ್, ನೋಂದಣಿಗೆ ಹೋಗುವ ಮೊದಲೇ ಹೆಸರು ಬದಲಿಸೋಣ ಅಂತ ಕೂತೆವು. ಅದರಲ್ಲಿ ಕಟ್ಟಡದ ಹೆಸರೂ ಇರುತ್ತದೆ. ಆಮೇಲೆ ಬದಲಿಸಬೇಕೆಂದರೆ ತಿದ್ದುಪಡಿ ಪತ್ರ ಮಾಡಿಸಿ ಮತ್ತೆ ನೋಂದಾಯಿಸುವ ಓಡಾಟ.

ಮೊದಲ ವಾರ ತಪ್ಪು ಮಾಡಿದೆ. ಮನೆಗೊಂದು ವೋಟು ಅಂದೆ. ಐದು ಹೆಸರಿಗೆ 7, 6, 5, 4, 2 ಬಿದ್ದವು. 7 ಬಂದದ್ದು ‘ವೇಣು’. ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ ಅಲ್ವಾ, ಅದಕ್ಕೆ. ಗೆದ್ದಿತು ಸರಿ, ಆದರೆ 17 ಮನೆಯವರು ಬೇರೆ ಹೆಸರು ಬರೆದಿದ್ದರು.

ಎರಡನೇ ವಾರ ಫೋನ್ ಪರೀಕ್ಷೆ. ಚೀಟಿಯಲ್ಲಿ Venu ಅಂತ ಬರೆದು ವಾಚ್‌ಮನ್‌ನಿಂದ ಪಾರ್ಸೆಲ್ ಹುಡುಗನಿಗೆ ಕೊಡಿಸಿದೆ. ಅವನು ಫೋನ್ ಮಾಡಿ, “ಸರ್, ವೆನ್ಯೂ ಎಲ್ಲಿ? ಫಂಕ್ಷನ್ ಇದೆಯಾ?” ಅಂದ. ಆಟೋದವರಿಗೆ ಬಾಯಲ್ಲೇ ಹೇಳಿದರೆ “ವೇಣು ಅವರ ಮನೆನಾ?” ‘ಮಲ್ಲಿಗೆ’ಯ ಗತಿ ಇನ್ನೂ ಕೆಟ್ಟದ್ದು. Mallige ಅನ್ನೋದನ್ನು ಕಾಲ್ ಸೆಂಟರ್ ಹುಡುಗಿ ‘ಮಲ್ಲಿಜ್’ ಅಂತ ಓದಿದಳು. ಕೊನೆಯಲ್ಲಿ e ಬಂದರೆ ಇಂಗ್ಲಿಷ್ ಓದಿನ ರೂಢಿಯವರು ಅದನ್ನು ನುಂಗಿಬಿಡುತ್ತಾರೆ. ಕನ್ನಡದಲ್ಲಿ ಚೆಂದ ಕೇಳೋ ಎಷ್ಟೋ ಹೆಸರು ಅಲ್ಲೇ ಸಾಯುತ್ತವೆ. ‘ಮಲಪ್ರಭಾ’ ಎಲ್ಲರಿಗೂ ಗೊತ್ತು. ಆದರೆ ಹೆಸರು ಹೇಳಿದರೆ ನದಿಯಾ, ಬೇರೆ ಯಾವ ಮಲಪ್ರಭಾ ಅಂತ ಕೇಳುತ್ತಾರೆ.

ನಮ್ಮಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾತಾಡುವ ಮನೆಗಳಿವೆ. ಕೆಳಗಿನ ಮನೆಯ ಮಾವಶಿಯೇ ದಾರಿ ತೋರಿಸಿದರು: “ಗೇಟ್ ಹತ್ರ ಬಕುಳದ ಗಿಡ ಐತಲ್ಲ, ಅದೇ ಇಡ್ರಿ. ನಮ್ಮಲ್ಲೂ ಬಕುಳನೇ.” ಮರಾಠಿಯವರು ಕೊನೆಯ ಅಕಾರ ಬಿಟ್ಟು ‘ಬಕುಳ್’ ಅನ್ನುತ್ತಾರೆ. ಉರ್ದು ಮಾತಿನ ಮನೆಯಲ್ಲಿ ಳ ಹೋಗಿ ‘ಬಕುಲ್’ ಆಗುತ್ತದೆ. ಒತ್ತಕ್ಷರ ಇಲ್ಲ, ಮಹಾಪ್ರಾಣ ಇಲ್ಲ. ಹೇಗೆ ಅಂದರೂ ಗುರುತು ಸಿಗುತ್ತದೆ. ಫೋನ್ ಪರೀಕ್ಷೆಯಲ್ಲಿ ಐವರಲ್ಲಿ ಐವರೂ ತಿರುಗಿ ಸರಿಯಾಗಿ ಹೇಳಿದರು.

ಈ ವಾರ ಮತ್ತೆ ವೋಟು. ಒಪ್ಪಿಗೆ ಇರುವ ಹೆಸರಿಗೆಲ್ಲ ಟಿಕ್, ಸುತಾರಾಂ ಬೇಡ ಅನ್ನೋದಕ್ಕೆ ಒಂದೇ ಕಾಟು. ಬಕುಳಕ್ಕೆ 19 ಟಿಕ್, ಒಂದು ಕಾಟು. ವೇಣುವಿಗೆ 12 ಟಿಕ್, 5 ಕಾಟು. ಬಕುಳಕ್ಕೆ ಕಾಟು ಹಾಕಿದ ಕಾಕಾ ಅವರನ್ನು ಕೇಳಿದೆ. “ಹೆಸರಿನ ಮೇಲೆ ಸಿಟ್ಟಿಲ್ಲ, ಆ ಗಿಡದ ಹೂ ನನ್ನ ಕಾರಿನ ಮೇಲೆ ಬೀಳ್ತಾವು” ಅಂದರು. ಅವರ ಪಾರ್ಕಿಂಗ್ ಜಾಗ ಬದಲಿಸಿಕೊಟ್ಟೆವು.

ಉಳಿದದ್ದು ಸ್ಪೆಲ್ಲಿಂಗ್ ಜಗಳ: Bakula ಅಥವಾ Bakul. ಒಂದು ಮನೆ ಒಂದು, ಇನ್ನೊಂದು ಮನೆ ಇನ್ನೊಂದು ಬರೆದರೆ ಮ್ಯಾಪಿನಲ್ಲಿ ಎರಡು ಕಟ್ಟಡ ಹುಟ್ಟುತ್ತವೆ. ಬೋರ್ಡಿನಲ್ಲಿ ಕನ್ನಡದಲ್ಲಿ ‘ಬಕುಳ’ ಅಂತ ದೊಡ್ಡದಾಗಿ ಬರುವುದರಿಂದ ಇಂಗ್ಲಿಷಿನಲ್ಲೂ Bakula ಎಂದೇ ಇಟ್ಟೆವು. ಡೀಡ್ ಕರಡಿಗೂ ಅದೇ ಹೋಗಿದೆ. ಬೋರ್ಡಿನವನು ಗುರುವಾರ ಅಳತೆಗೆ ಬರುತ್ತಾನೆ. ದಾರಿ ಕೇಳಿದಾಗ ಅವನಿಗೆ ನಾನು ಹೇಳಿದ್ದು ಮಾತ್ರ “ಮೂರನೇ ಗೇಟ್ ದಾಟಿ ಬಲಕ್ಕೆ” ಅಂತ.