ಬಜ್ಪೆಯಿಂದ ಬೆಂಗಳೂರು, ಅಲ್ಲಿಂದ ಫ್ರಾಂಕ್‌ಫರ್ಟ್: ಎರಡು ಬೇರೆ ಟಿಕೆಟ್ ಆದರೆ ನಡುವೆ ಎಷ್ಟು ಹೊತ್ತು ಬೇಕು?

ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಜುಲೈಯಲ್ಲಿ ಜರ್ಮನಿಗೆ ಹೊರಟಿದ್ದೆವು. ಮಂಗಳೂರಿನಿಂದಲೇ ಒಂದೇ ಟಿಕೆಟ್ ತೆಗೆಯಲು ಹೋದರೆ ದರ ತೀರಾ ಹೆಚ್ಚಾಗುತ್ತಿತ್ತು. ಹಾಗಾಗಿ ಮಂಗಳೂರು–ಬೆಂಗಳೂರಿಗೆ ಒಂದು, ಬೆಂಗಳೂರು–ಫ್ರಾಂಕ್‌ಫರ್ಟ್‌ಗೆ ಇನ್ನೊಂದು ಟಿಕೆಟ್ ಮಾಡಿಸಿದೆವು. ನಮ್ಮ ಕಡೆಯ ಬಹಳಷ್ಟು ಮಂದಿ ಹೀಗೆಯೇ ಹೋಗುತ್ತಾರೆ. ಹೋಗುವವರು ಒಂದು ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಒಂದು ವಿಮಾನದಿಂದ ಇನ್ನೊಂದಕ್ಕೆ ಬದಲಾಯಿಸಲು ಪ್ರತಿ ನಿಲ್ದಾಣಕ್ಕೂ ಮಿನಿಮಮ್ ಕನೆಕ್ಷನ್ ಟೈಮ್ ಎಂದು ನಿಗದಿ ಮಾಡಿರುತ್ತಾರೆ. ಒಂದೇ ಟಿಕೆಟ್‌ನಲ್ಲಿ ಅದಕ್ಕಿಂತ ಕಡಿಮೆ ಅಂತರದ ವಿಮಾನಗಳನ್ನು ಬುಕಿಂಗ್ ವ್ಯವಸ್ಥೆ ಸಾಮಾನ್ಯವಾಗಿ ಮಾರುವುದಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಹೊಣೆ. ಟಿಕೆಟ್ ಎರಡಾದರೆ ಈ ರಕ್ಷಣೆ ಇಲ್ಲ. ಎರಡನೆಯ ಕಂಪನಿಯ ಕಣ್ಣಿಗೆ ನೀವು ಹೇಳದೆ ಕೇಳದೆ ಬಾರದೇ ಉಳಿದ ಪ್ರಯಾಣಿಕ, ಅಷ್ಟೇ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ: ಹೋಗುವ ವಿಮಾನ ಹತ್ತದಿದ್ದರೆ ಅದೇ ಟಿಕೆಟ್‌ನಲ್ಲಿರುವ ವಾಪಸು ಪ್ರಯಾಣವೂ ಸಾಮಾನ್ಯವಾಗಿ ರದ್ದಾಗುತ್ತದೆ. ಕೆಲವು ವೆಬ್‌ಸೈಟ್‌ಗಳು ಎರಡು ಟಿಕೆಟ್‌ಗಳನ್ನು ಜೋಡಿಸಿ ಒಂದೇ ದರ ತೋರಿಸುತ್ತವೆ. ‘ಸೆಲ್ಫ್ ಟ್ರಾನ್ಸ್‌ಫರ್’ ಎಂದಿದೆಯೇ, ಪಿಎನ್‌ಆರ್ ಎರಡಿವೆಯೇ ಎಂದು ಹಣ ಕಟ್ಟುವ ಮೊದಲೇ ನೋಡಿಕೊಳ್ಳಿ.

ಇನ್ನು ನಮ್ಮ ಲೆಕ್ಕ. ಬೆಂಗಳೂರಿಗೆ ತಲುಪುವ ಸಮಯ ರಾತ್ರಿ 10:40, ಫ್ರಾಂಕ್‌ಫರ್ಟ್ ವಿಮಾನ ನಸುಕಿನ 2:50ಕ್ಕೆ. ನಾಲ್ಕು ಗಂಟೆ ಹತ್ತು ನಿಮಿಷ ಧಾರಾಳವಾಯಿತು ಅನಿಸುತ್ತದೆ. ಆದರೆ ಎಣಿಸಬೇಕಾದದ್ದು ವಿಮಾನ ಹೊರಡುವ ಹೊತ್ತಿನಿಂದಲ್ಲ, ಚೆಕ್-ಇನ್ ಕೌಂಟರ್ ಮುಚ್ಚುವ ಹೊತ್ತಿನಿಂದ. ಅಂತರರಾಷ್ಟ್ರೀಯ ವಿಮಾನಗಳಿಗೆ ಅದು ಸಾಮಾನ್ಯವಾಗಿ 60 ನಿಮಿಷ ಮೊದಲು, ಕೆಲವರದು ಇನ್ನೂ ಬೇಗ. ಅಂದರೆ ನಮಗೆ ಕೊನೆಯ ಗಡುವು 1:50.

ಈ ಕಡೆಯಿಂದ ನೋಡಿದರೆ, ನಮ್ಮ ದೇಶೀಯ ವಿಮಾನ ಇಳಿಯುವುದು ಟರ್ಮಿನಲ್ 1ರಲ್ಲಿ, ವಿದೇಶಕ್ಕೆ ಹೊರಡುವುದು ಟರ್ಮಿನಲ್ 2ರಿಂದ. ವಿಮಾನದಿಂದ ಹೊರಬಂದು, ಬೆಲ್ಟ್ ಹತ್ತಿರ ಪೆಟ್ಟಿಗೆಗೆ ಕಾದು, ಹೊರಗೆ ಬಂದು ಶಟಲ್ ಬಸ್ಸು ಹಿಡಿದು, ಎರಡನೇ ಟರ್ಮಿನಲ್ ಬಾಗಿಲಲ್ಲಿ ಮತ್ತೆ ಟಿಕೆಟ್, ಪಾಸ್‌ಪೋರ್ಟ್ ತೋರಿಸಿ ಕೌಂಟರ್ ಮುಟ್ಟಲು ಒಂದೂಕಾಲು ಗಂಟೆ ಇಟ್ಟುಕೊಂಡೆವು. ಹಾಗಾಗಿ ಎಲ್ಲವೂ ಸರಿಯಾಗಿ ನಡೆದರೆ ಕೌಂಟರ್ ತಲುಪುವುದು 11:55ಕ್ಕೆ. ನಾಲ್ಕು ಗಂಟೆ ಅಂದುಕೊಂಡಿದ್ದರಲ್ಲಿ ನಿಜವಾಗಿ ಕೈಯಲ್ಲಿ ಉಳಿದದ್ದು ಎರಡು ಗಂಟೆಗಿಂತ ಕಡಿಮೆ.

ಆ ದಿನ ಬಜ್ಪೆಯಲ್ಲಿ ಜಡಿಮಳೆ. ಬರಬೇಕಾದ ವಿಮಾನವೇ ತಡವಾಗಿ ಬಂತು; ನಾವು ಬೆಂಗಳೂರಿನಲ್ಲಿ ಇಳಿದಾಗ ಸರಿಯಾಗಿ ಹನ್ನೆರಡು. ಕೌಂಟರ್ ಮುಂದೆ ನಿಂತಾಗ 1:15. ಉಳಿದದ್ದು 35 ನಿಮಿಷ. ನಮ್ಮ ಹಿಂದಿನ ಸೀಟಿನಲ್ಲಿದ್ದ ಉಡುಪಿಯ ಹುಡುಗನೊಬ್ಬನಿಗೆ ದೋಹಾದ ವಿಮಾನವಿತ್ತು, ಎರಡು ಟಿಕೆಟ್‌ಗಳ ನಡುವೆ ಎರಡೂವರೆ ಗಂಟೆಯ ಅಂತರ ಮಾತ್ರ. ಬೆಲ್ಟ್ ಹತ್ತಿರ ಪೆಟ್ಟಿಗೆಗೆ ಕಾಯುತ್ತಿರುವಾಗಲೇ ಅವನ ಕೌಂಟರ್ ಮುಚ್ಚಿಹೋಗಿತ್ತು. ಪಾಪ, "ಅಂಕಲ್, ವಾಪಸಿನ ಟಿಕೆಟೂ ಹೋಯ್ತಂತೆ" ಅಂದಾಗ ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಇಂಥ ಸಂದರ್ಭದಲ್ಲಿ ಮೊದಲ ವಿಮಾನ ತಡ ಎಂದು ಗೊತ್ತಾದ ಕೂಡಲೇ, ಮಂಗಳೂರಿನಲ್ಲಿರುವಾಗಲೇ, ಎರಡನೆಯ ಕಂಪನಿಗೆ ಫೋನ್ ಮಾಡಿ ದಿನಾಂಕ ಬದಲಾಯಿಸಲು ಕೇಳಬೇಕು. ವಿಮಾನ ಹೊರಡುವ ಮೊದಲು ಶುಲ್ಕ ಕಟ್ಟಿ ಬದಲಾಯಿಸಲು ಹಲವು ಟಿಕೆಟ್‌ಗಳಲ್ಲಿ ಅವಕಾಶವಿರುತ್ತದೆ. ಹೊರಟ ಮೇಲೆ ಬಹುಪಾಲು ಬಾಗಿಲು ಮುಚ್ಚಿದಂತೆಯೇ.

ನನ್ನ ಅಭಿಪ್ರಾಯದಲ್ಲಿ ಗಂಟೆ ಎಣಿಸುವುದಕ್ಕಿಂತ ಒಳ್ಳೆಯ ದಾರಿ, ಮಂಗಳೂರಿನಿಂದ ಆ ದಿನದ ಕೊನೆಯ ವಿಮಾನ ಬಿಟ್ಟು ಅದಕ್ಕೂ ಮೊದಲಿನದನ್ನು ಹಿಡಿಯುವುದು. ಅದು ರದ್ದಾದರೂ ಹಿಂದೆ ಇನ್ನೊಂದು ಇರುತ್ತದೆ. ಮಳೆಗಾಲದಲ್ಲಂತೂ ಬೆಳಗ್ಗೆಯೇ ಹೊರಡಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ರಸ್ತೆಯನ್ನೂ ನಂಬುವಂತಿಲ್ಲ.

ಲಗೇಜಿನ ತೂಕವನ್ನೂ ಬೇರೆಯಾಗಿ ನೋಡಬೇಕು. ನಮ್ಮ ದೇಶೀಯ ಟಿಕೆಟ್‌ನಲ್ಲಿ ತಲಾ 15 ಕೆಜಿ, ಫ್ರಾಂಕ್‌ಫರ್ಟ್ ಟಿಕೆಟ್‌ನಲ್ಲಿ 23 ಕೆಜಿ. ಬಾಣಂತಿಯ ಲೇಹ್ಯ, ಅಂಟಿನುಂಡೆ, ಮಗುವಿನ ಬಟ್ಟೆ ಎಲ್ಲ ಸೇರಿ ಎರಡೂ ಪೆಟ್ಟಿಗೆ 22 ದಾಟಿದ್ದವು. ಹೆಚ್ಚುವರಿ ತೂಕಕ್ಕೆ ಮನೆಯಿಂದಲೇ ಆನ್‌ಲೈನ್‌ನಲ್ಲಿ ಹಣ ಕಟ್ಟಿದ್ದರಿಂದ ಕೌಂಟರ್ ದರಕ್ಕಿಂತ ಕಡಿಮೆಯಾಯಿತು.

ವಾಪಸು ಬರುವಾಗ ಇಷ್ಟು ಆತಂಕ ಬೇಡ. ಬೆಂಗಳೂರಿನಲ್ಲಿ ಇಮಿಗ್ರೇಷನ್, ಕಸ್ಟಮ್ಸ್ ಮುಗಿಸುವಷ್ಟರಲ್ಲಿ ಮಂಗಳೂರು ವಿಮಾನ ತಪ್ಪಿದರೂ ಹೋಗುವುದು ಆ ಸಣ್ಣ ಟಿಕೆಟ್ ಮಾತ್ರ. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಊರು. ನಾವು ವಾಪಸಿಗೆ ವಿಮಾನದ ಟಿಕೆಟ್ ತೆಗೆಯಲೇ ಇಲ್ಲ, ಇಳಿದ ಮೇಲೆ ಬಸ್ಸಿನಲ್ಲಿ ಬಂದೆವು.